ಟೈಲರ್ ಅಂಗಡಿಯ ಆರ್ಡರ್ ಆ್ಯಪ್: ನಮಗೆ ಏನೇನು ಬೇಕು

ನಮಸ್ಕಾರ ಸರ್,

ಫೋನಿನಲ್ಲಿ ಹೇಳಿದ್ದರ ವಿವರ ಇದು. ನಮ್ಮದು ದಾವಣಗೆರೆಯಲ್ಲಿ ಲೇಡೀಸ್ ಟೈಲರಿಂಗ್. ಒಬ್ಬರು ಕಟಿಂಗ್ ಮಾಸ್ಟರ್, ನಾಲ್ಕು ಮಷಿನ್, ಹುಕ್-ಹೆಮ್ಮಿಂಗ್‌ಗೆ ಇಬ್ಬರು. ಆರಿ ವರ್ಕ್ ಹೊರಗಡೆ ಕೊಡುತ್ತೇವೆ.

ಎಲ್ಲಕ್ಕಿಂತ ಮುಖ್ಯ: ಲೆಕ್ಕ ಪೀಸಿನ ಮೇಲೆ ನಡೆಯಬೇಕು, ಬಿಲ್ಲಿನ ಮೇಲಲ್ಲ. ಬಿಲ್ 1482ರಲ್ಲಿ ಐದು ಬ್ಲೌಸ್ ಇದ್ದರೆ 1482-1ರಿಂದ 1482-5. ಎರಡು ಆರಿಗೆ ಹೋಗಿರುತ್ತವೆ, ಮೂರು ಮುಗಿದಿರುತ್ತವೆ. ಇಡೀ ಬಿಲ್ಲಿಗೆ ಒಂದೇ 'ರೆಡಿ' ಬಿದ್ದರೆ ಗಿರಾಕಿ ಬಂದು ಕೌಂಟರಿನಲ್ಲೇ ಜಗಳ. ಬಟ್ಟೆ ತಗೊಳ್ಳುವಾಗಲೇ ಪ್ರತಿ ಪೀಸಿನ ಫೋಟೊ. ಜೊತೆಗೆ ಅಳತೆ ಬ್ಲೌಸ್, ಲೈನಿಂಗ್, ಸೀರೆ ಯಾವುದು ಕೊಟ್ಟರು ಅಂತ ಟಿಕ್ ಹಾಕುವ ಹಾಗಿರಲಿ. ವಾಪಸ್ ಕೊಡುವಾಗ ಅದೇ ಟಿಕ್ ನೋಡಿ ಕೊಡುತ್ತೇವೆ.

ಹಂತಗಳು ಹೀಗೆ: ಬಂತು, ಲೈನಿಂಗ್ ನೆನೆಸಿದೆ, ಕಟಿಂಗ್, ಹೊಲಿಗೆ, ಹುಕ್-ಹೆಮ್ಮಿಂಗ್, ಇಸ್ತ್ರಿ, ರೆಡಿ, ಕೊಟ್ಟಾಯ್ತು. ಕಾಟನ್ ಲೈನಿಂಗ್ ನೆನೆಸದೆ ಕತ್ತರಿಸಿದರೆ ಮೊದಲ ಒಗೆತಕ್ಕೇ ಕುಗ್ಗಿ ಬ್ಲೌಸ್ ಸುಕ್ಕಾಗುತ್ತದೆ, ಅದಕ್ಕೇ ಆ ಹಂತ ಟಿಕ್ ಆಗದೆ ಕಟಿಂಗ್ ತೆರೆಯಬಾರದು. ಆರಿ ಪೀಸ್ ಕತ್ತರಿಸುವ ಮುಂಚೆ, ಗುರುತು ಹಾಕಿ ಹೋಗುತ್ತದೆ. ಹಾಗಾಗಿ 'ಆರಿಗೆ ಹೋಗಿದೆ', 'ಆರಿಯಿಂದ ಬಂತು' ಎರಡೂ ಕಟಿಂಗ್‌ಗಿಂತ ಮೊದಲು ಬರಬೇಕು, ಯಾರ ಕೈಗೆ ಯಾವತ್ತು ಕೊಟ್ಟೆವು ಅನ್ನುವುದರ ಸಮೇತ. ಫಾಲ್-ಪಿಕೊಗೆ ಇಷ್ಟೆಲ್ಲ ಬೇಡ: ಬಂತು, ರೆಡಿ, ಕೊಟ್ಟಾಯ್ತು.

ಅಳತೆ ಇಂಚಿನಲ್ಲಿ, ಕಾಲು ಇಂಚಿನ ಲೆಕ್ಕದಲ್ಲಿ: 14, 14¼, 14½. ಉದ್ದ, ಎದೆ, ಸೊಂಟ, ಶೋಲ್ಡರ್, ತೋಳಿನ ಉದ್ದ, ತೋಳಿನ ಸುತ್ತು, ಕಂಕುಳು, ಮುಂದಿನ ಕತ್ತು, ಹಿಂದಿನ ಕತ್ತು. ಮೈಮೇಲೆ ತೆಗೆದದ್ದೋ, ಅಳತೆ ಬ್ಲೌಸಿನಿಂದಲೋ ಅನ್ನುವುದು ಕಡ್ಡಾಯವಾಗಿ ನಮೂದಾಗಬೇಕು. ಬ್ಲೌಸನ್ನು ಹಾಸಿ ಅಳೆದಾಗ ಎದೆ 18 ಬಂದರೆ ಸುತ್ತು 36, ಅದರಲ್ಲಿ ಸಡಿಲವೂ ಸೇರಿರುತ್ತದೆ. ಮೈ ಅಳತೆಗೆ ಮಾಸ್ಟರ್ ಬೇರೆಯಾಗಿ ಸಡಿಲ ಬಿಡುತ್ತಾರೆ. ಹೊಸ ಅಳತೆ ಹಾಕಿದರೆ ಹಳೆಯದು ಅಳಿಯದೆ ತಾರೀಖಿನ ಜೊತೆ ಉಳಿಯಲಿ.

ತಾರೀಖು ಎರಡು: ಗಿರಾಕಿಯ ಮದುವೆ ಅಥವಾ ಹಬ್ಬದ ದಿನ, ನಾವು ಕೊಡುವ ದಿನ. ದಿನಕ್ಕೆ ನಮ್ಮ ಕೈಲಾಗುವುದು 12 ಬ್ಲೌಸ್. ಅಷ್ಟು ತುಂಬಿದ ದಿನ ಕೆಂಪಾಗಲಿ, ಆದರೆ ಬಂದ್ ಆಗುವುದು ಬೇಡ. ವರಮಹಾಲಕ್ಷ್ಮಿ ಹಬ್ಬದ ಮುಂಚೆ ಹಳೇ ಗಿರಾಕಿಗೆ ಇಲ್ಲ ಅನ್ನೋಕಾಗಲ್ಲ.

ಕಾರಿಗರರ ಸ್ಕ್ರೀನಿನಲ್ಲಿ ಫೋಟೊ, ಪೀಸ್ ನಂಬರ್, ಅಳತೆ, ಒಂದು ದೊಡ್ಡ 'ಮುಗೀತು' ಬಟನ್ ಸಾಕು. ಗಿರಾಕಿಯ ಫೋನ್ ನಂಬರ್, ದುಡ್ಡಿನ ಲೆಕ್ಕ ಅಲ್ಲಿ ಕಾಣಬಾರದು. ಒತ್ತಿದವರ ಹೆಸರಿಗೆ ಪೀಸ್ ರೇಟು ಸೇರಿ ಶನಿವಾರ ಒಟ್ಟು ಬರಬೇಕು. ಆಲ್ಟ್ರೇಶನ್‌ಗೆ ಮರಳಿ ಬಂದ ಪೀಸಿಗೆ ಎರಡನೇ ಸಲ ಕೂಲಿ ಸೇರಬಾರದು.

ವಾಟ್ಸಾಪ್ ಮೆಸೇಜ್ ತಾನಾಗೇ ಹೋಗುವುದು ಬೇಡ, ಬಾಕಿ ಮೊತ್ತದ ಜೊತೆ ತಯಾರಿರಲಿ, ನಾನು ನೋಡಿ ಕಳಿಸುತ್ತೇನೆ. ಹುಡುಕಲು ಫೋನಿನ ಕೊನೆಯ ನಾಲ್ಕು ಅಂಕಿ ಸಾಕಾಗಬೇಕು. ಚೀಟಿ ತರುವವರು ಕಮ್ಮಿ. ನೆಟ್ ಹೋದರೂ ಆರ್ಡರ್ ಬರೆದುಕೊಳ್ಳಬೇಕು, ಎರಡು ಫೋನಿನಲ್ಲಿ ಒಂದೇ ಬಿಲ್ ನಂಬರ್ ಬೀಳಬಾರದು.

ಮೊದಲು ಆರ್ಡರ್, ಅಳತೆ, ಹಂತ ಇಷ್ಟು ಮಾಡಿ ಕೊಡಿ, ಕೂಲಿ ಲೆಕ್ಕ ಆಮೇಲೆ. ಎರಡಕ್ಕೂ ಬೇರೆ ಬೇರೆ ರೇಟು, ದಿನ ತಿಳಿಸಿ. ಬಿಲ್ ಬುಕ್ಕಿನ ಹತ್ತು ಹಾಳೆಯ ಫೋಟೊ ಇವತ್ತು ಸಂಜೆ ಕಳಿಸುತ್ತೇನೆ.