ಸಿಂಚನಳಿಗೆ ರಜೆ ಕೋರಿ ಕ್ಲಾಸ್ ಟೀಚರ್‌ಗೆ ಪತ್ರ

ತಿಪಟೂರು
ದಿನಾಂಕ: 9-2-2026, ಸೋಮವಾರ

ಇವರಿಂದ:
ಸವಿತಾ
ಸಿಂಚನಳ ತಾಯಿ
6ನೇ ತರಗತಿ 'ಬಿ' ವಿಭಾಗ, ಹಾಜರಿ ಸಂಖ್ಯೆ 23

ಇವರಿಗೆ:
ಕ್ಲಾಸ್ ಟೀಚರ್
6ನೇ ತರಗತಿ 'ಬಿ' ವಿಭಾಗ

ವಿಷಯ: ಮಗಳಿಗೆ ಚಿಕನ್ ಪಾಕ್ಸ್ ಆಗಿರುವುದರಿಂದ ಫೆಬ್ರವರಿ 9ರಿಂದ 16ರವರೆಗೆ ರಜೆ ಕೋರಿ.

ಮೇಡಂ, ನಮಸ್ಕಾರ.

ನನ್ನ ಮಗಳು ಸಿಂಚನಳಿಗೆ ಚಿಕನ್ ಪಾಕ್ಸ್ ಆಗಿದೆ. ನಮ್ಮ ಕಡೆ 'ಅಮ್ಮ' ಅಂತಾರಲ್ಲ, ಅದೇ. ನಿನ್ನೆ ಬೆಳಿಗ್ಗೆ ಡಾಕ್ಟರಿಗೆ ತೋರಿಸಿದೆವು. ಗುಳ್ಳೆಗಳೆಲ್ಲ ಒಣಗಿ ಹೊಪ್ಪಳೆ ಕಟ್ಟುವವರೆಗೆ ಶಾಲೆಗೆ ಕಳಿಸಬಾರದು ಎಂದಿದ್ದಾರೆ. ಆದ್ದರಿಂದ ಇವತ್ತಿನಿಂದ 16ನೇ ತಾರೀಖು ಸೋಮವಾರದವರೆಗೆ ರಜೆ ಕೊಡಬೇಕೆಂದು ಕೇಳಿಕೊಳ್ಳುತ್ತೇನೆ. ನಡುವೆ 15ರ ಭಾನುವಾರ ಶಿವರಾತ್ರಿ. ಶನಿವಾರದ ಬೆಳಗಿನ ಶಾಲೆಯೂ ಸೇರಿ ಒಟ್ಟು 7 ದಿನ ತಪ್ಪುತ್ತದೆ. 17ರ ಮಂಗಳವಾರ ಬರುತ್ತಾಳೆ. ಅಷ್ಟರಲ್ಲಿ ಎಲ್ಲಾ ಒಣಗಿಲ್ಲದಿದ್ದರೆ ಹಿಂದಿನ ದಿನವೇ ಫೋನ್ ಮಾಡಿ ತಿಳಿಸುತ್ತೇನೆ, ಸುಮ್ನೆ ಕಳಿಸುವುದಿಲ್ಲ.

ರಜೆ ಕೇಳುವುದಕ್ಕೆ ಇಷ್ಟು ಸಾಕಿತ್ತು. ನಮ್ಮ ಅತ್ತೆಯಂತೂ "ಜ್ವರ ಅಂತ ಬರಿ ಸಾಕು, ಅಮ್ಮ ಬಂದಿರೋದನ್ನ ಊರಿಗೆಲ್ಲ ಸಾರಬಾರದು" ಎಂದರು. ಬಾಗಿಲಿಗೆ ಬೇವಿನ ಸೊಪ್ಪು ಸಿಕ್ಕಿಸಿದ್ದಾರೆ. ಮನೆಯಲ್ಲಿ ಒಗ್ಗರಣೆ ಹಾಕುವ ಹಾಗಿಲ್ಲ. ಅವರ ನಂಬಿಕೆ ಅವರಿಗಿರಲಿ, ಅದಕ್ಕೆ ನಾನು ಅಡ್ಡ ಬಂದಿಲ್ಲ. ಆದರೆ ಈ ಕಾಗದದಲ್ಲಿ ಬರೀ ಜ್ವರ ಅಂತ ಬರೆಯಲು ಮನಸ್ಸು ಒಪ್ಪಲಿಲ್ಲ. ಯಾಕೆಂದರೆ ಇದು ಅಂಟುವ ಕಾಯಿಲೆ, ಮತ್ತು ಸಿಂಚನ ಶುಕ್ರವಾರ ಇಡೀ ದಿನ ನಿಮ್ಮ ಕ್ಲಾಸಿನಲ್ಲೇ ಕೂತಿದ್ದಳು.

ಶುಕ್ರವಾರ ಬೆಳಿಗ್ಗೆಯೇ ತಲೆನೋವು ಎಂದಿದ್ದಳು, ಮೈ ಸ್ವಲ್ಪ ಬೆಚ್ಚಗಿತ್ತು. ಕೋಲಾಟದ ಪ್ರಾಕ್ಟೀಸ್ ಇದೆ ಅಂತ ಹಟ ಮಾಡಿದಳು. ನೆಗಡಿ ಇರಬೇಕು ಅಂದುಕೊಂಡು ನಾನೂ ಕಳಿಸಿಬಿಟ್ಟೆ. ಅದು ನನ್ನ ತಪ್ಪು. ಶನಿವಾರ ಶಾಲೆಗೆ ಬಂದಿರಲಿಲ್ಲ. ಅವತ್ತು ಸಂಜೆ ಸ್ನಾನ ಮಾಡಿಸುವಾಗ ಹೊಟ್ಟೆ, ಬೆನ್ನಿನ ಮೇಲೆ ಕೆಂಪು ಗುಳ್ಳೆ ಕಂಡವು. ಬೆಳಗಾಗುವಷ್ಟರಲ್ಲಿ ಮುಖಕ್ಕೂ ಬಂದಿದ್ದವು, ಕೆಲವು ನೀರು ತುಂಬಿಕೊಂಡಿದ್ದವು. ಜನವರಿ 25ರಂದು ನೆಂಟರ ಮನೆಯ ನಾಮಕರಣಕ್ಕೆ ಹೋಗಿದ್ದೆವು. ಅಲ್ಲಿ ಇವಳ ಜೊತೆ ಆಡಿದ ಮಗುವಿಗೂ ಆಮೇಲೆ ಇದೇ ಆಯಿತಂತೆ. ನಮಗೆ ಗೊತ್ತಾಗಿದ್ದು ನಿನ್ನೆ. ಅವರು ಆವತ್ತೇ ಒಂದು ಮಾತು ಹೇಳಿದ್ದರೆ ಅನ್ನಿಸಿತು. ಅದಕ್ಕೇ ನಾನು ಹೇಳುತ್ತಿದ್ದೇನೆ.

ಡಾಕ್ಟರ್ ಹೇಳಿದ ಪ್ರಕಾರ ಗುಳ್ಳೆ ಏಳುವ ಒಂದೆರಡು ದಿನ ಮೊದಲೇ ಇದು ಬೇರೆಯವರಿಗೆ ಹರಡುತ್ತದೆ. ಹರಡಿದರೂ ತಕ್ಷಣ ಕಾಣುವುದಿಲ್ಲ, 10ರಿಂದ 21 ದಿನ ಹಿಡಿಯಬಹುದು. ಗುರುವಾರ, ಶುಕ್ರವಾರದಿಂದ ಲೆಕ್ಕ ಹಾಕಿದರೆ ಇದೇ 15ರ ಆಸುಪಾಸಿನಿಂದ ತಿಂಗಳ ಕೊನೆಯವರೆಗೂ ಮಕ್ಕಳ ಮೇಲೆ ಒಂದು ಕಣ್ಣಿಡಬೇಕು. ಯಾರಿಗಾದರೂ ಜ್ವರದ ಜೊತೆ ಗುಳ್ಳೆ ಕಂಡರೆ ಮನೆಯವರಿಗೆ ಬೇಗ ತಿಳಿಸಲು ನಿಮಗೆ ಅನುಕೂಲ ಆಗಲಿ ಅಂತ ಬರೆದೆ. ಇವಳ ಪಕ್ಕ ಕೂರುವ ಹುಡುಗಿಯ ತಾಯಿಗೆ ನಾನೇ ಫೋನ್ ಮಾಡಿ ಹೇಳಿದ್ದೇನೆ. ಇಬ್ಬರೂ ಒಂದೇ ತಟ್ಟೆಯಲ್ಲಿ ಊಟ ಮಾಡ್ತಾರೆ, ನಿಮಗೇ ಗೊತ್ತಲ್ವಾ. ಪಾಪ, ಅವರು ಬೇಜಾರು ಮಾಡಿಕೊಳ್ಳಲಿಲ್ಲ.

ಇನ್ನೊಂದು ಮುಖ್ಯ ವಿಷಯ. 4ನೇ ತರಗತಿಯ ಹೊಸ ಟೀಚರ್ ಗರ್ಭಿಣಿ ಎಂದು ಸಿಂಚನ ಹೇಳುತ್ತಿದ್ದಳು. ಕೋಲಾಟ ಕಲಿಸುತ್ತಿದ್ದುದು ಅವರೇ ಅಂತೆ. ಶುಕ್ರವಾರ ಇವಳ ಕೈ ಹಿಡಿದು ಹೆಜ್ಜೆ ತೋರಿಸಿದರಂತೆ. ಚಿಕ್ಕಂದಿನಲ್ಲಿ ಅವರಿಗೆ ಇದು ಆಗಿದ್ದರೆ ಅಥವಾ ಲಸಿಕೆ ಹಾಕಿಸಿಕೊಂಡಿದ್ದರೆ ಸಾಮಾನ್ಯವಾಗಿ ಹೆದರಬೇಕಿಲ್ಲ. ಆಗಿಲ್ಲದಿದ್ದರೆ, ಅಥವಾ ನೆನಪಿಲ್ಲದಿದ್ದರೆ, ಗುಳ್ಳೆ ಬರಲಿ ನೋಡೋಣ ಅಂತ ಕಾಯದೆ ಇವತ್ತೇ ತಮ್ಮ ಡಾಕ್ಟರಿಗೆ ಹೇಳುವುದು ಒಳ್ಳೆಯದು. ಇದನ್ನು ನೀವು ಅವರಿಗೆ ಮೆಲ್ಲಗೆ ತಿಳಿಸಬೇಕು. ಅವರ ನಂಬರ್ ನನ್ನ ಹತ್ತಿರ ಇಲ್ಲ, ಇದ್ದಿದ್ದರೆ ನಿನ್ನೆಯೇ ಮಾತಾಡುತ್ತಿದ್ದೆ.

ಸಿಂಚನ ಈಗ ಪರವಾಗಿಲ್ಲ. ಜ್ವರಕ್ಕೆ ಪ್ಯಾರಾಸಿಟಮಾಲ್ ಕೊಟ್ಟಿದ್ದಾರೆ, ನವೆಗೆ ಕ್ಯಾಲಮೈನ್ ಲೋಷನ್ ಹಚ್ಚುತ್ತಿದ್ದೇನೆ. ಕೆರೆದುಕೊಳ್ಳಬಾರದು ಅಂತ ಉಗುರು ಕತ್ತರಿಸಿದ್ದೇನೆ. ಹಗಲು ಹೇಗೋ ತಡೆದುಕೊಳ್ಳುತ್ತಾಳೆ, ರಾತ್ರಿ ಮಾತ್ರ ನನ್ನನ್ನೂ ಮಲಗಿಸುವುದಿಲ್ಲ. ಅವಳಿಗೆ ಗುಳ್ಳೆಗಿಂತ ಜಾಸ್ತಿ ಸಂಕಟ ಆಗಿರುವುದು ಶನಿವಾರದ ವಾರ್ಷಿಕೋತ್ಸವಕ್ಕೆ. ಮುಖಕ್ಕೆ ಪೌಡರ್ ಹಚ್ಚಿಕೊಂಡರೆ ಕಾಣಿಸಲ್ಲ, ಕಳಿಸು ಅಂತ ಅಳುತ್ತಿದ್ದಳು. ಕೋಲಾಟದಲ್ಲಿ ಅವಳ ಜೋಡಿಗೆ ಬೇರೆ ಯಾರನ್ನಾದರೂ ನಿಲ್ಲಿಸಿಕೊಳ್ಳಿ. ಕೋಲುಗಳನ್ನು ಸೋಪಿನ ನೀರಲ್ಲಿ ತೊಳೆದು ಬಿಸಿಲಿಗೆ ಒಣಗಿಸಿದ್ದೇವೆ. ಈ ಕಾಗದದ ಜೊತೆಗೇ ಕಳಿಸಿದ್ದೇನೆ. ಹಸಿರು ಲಂಗದ ಸೆಟ್ ಅವಳಿನ್ನೂ ಹಾಕಿ ನೋಡಿಲ್ಲ, ಕವರಿನಲ್ಲೇ ಇದೆ, ಅದೂ ಕಳಿಸಿದ್ದೇನೆ.

12ರಂದು ವಿಜ್ಞಾನದ ಕಿರುಪರೀಕ್ಷೆ ಇದೆ ಎಂದು ಡೈರಿಯಲ್ಲಿ ಬರೆದಿದೆ. ಅವಳು ಬಂದ ಮೇಲೆ ನಿಮಗೆ ಅನುಕೂಲವಾದ ದಿನ ಅದನ್ನು ಬರೆಯಲು ಅವಕಾಶ ಕೊಟ್ಟರೆ ಉಪಕಾರ. ಗಣಿತದಲ್ಲಿ ಅನುಪಾತ ಶುರು ಮಾಡಿದ್ದೀರಿ ಅಂತೆ. ಅದು ಮಾತ್ರ ತಪ್ಪಿಹೋಗುತ್ತೆ ಅನ್ನೋ ಚಿಂತೆ ನನಗೆ, ಉಳಿದದ್ದನ್ನು ಹೇಗೋ ಓದಿಸುತ್ತೇನೆ. ಬೋರ್ಡಿನ ಮೇಲೆ ಬಿಡಿಸಿದ ಲೆಕ್ಕಗಳನ್ನು ಯಾರಾದರೂ ನೀಟಾಗಿ ಬರೆದುಕೊಂಡಿದ್ದರೆ ಅದರ ಫೋಟೋ ನನ್ನ ವಾಟ್ಸಾಪ್‌ಗೆ ಕಳಿಸಿದರೆ ಸಾಕು. ನೋಟ್ಸ್ ಕೊಡಲು ಮಕ್ಕಳು ಮನೆಗೆ ಬರುವುದು ಮಾತ್ರ ಬೇಡ. ಅವರು ಬಂದರೆ ಇವಳು ಓಡಿಬಂದು ತಬ್ಬಿಕೊಳ್ಳುತ್ತಾಳೆ.

ಕೊನೆಗೆ ಒಂದು ಕೋರಿಕೆ. ವಾಪಸ್ ಬರುವಾಗ ಅವಳ ಮುಖದ ಮೇಲೆ ಕಪ್ಪು ಕಲೆ ಇರುತ್ತವೆ. ಹೊಪ್ಪಳೆ ಒಣಗಿದ ಮೇಲೆ ಅದು ಅಂಟುವುದಿಲ್ಲ ಎಂದು ಅವಳು ಬರುವ ಮೊದಲೇ ಮಕ್ಕಳಿಗೆ ಒಂದು ಮಾತು ಹೇಳಿರಿ. ಹೋದ ವರ್ಷ ಒಬ್ಬ ಹುಡುಗನಿಗೆ ಕಜ್ಜಿ ಆದಾಗ ಎಲ್ಲರೂ ಸೇರಿ ಅವನನ್ನು ಬೇರೆ ಬೆಂಚಿಗೆ ಕೂರಿಸಿದ್ದರಂತೆ. ನಮ್ಮವಳೂ ಆ ಗುಂಪಿನಲ್ಲಿದ್ದಳು. ನಿನ್ನೆ ರಾತ್ರಿ ಅದನ್ನೇ ನೆನೆಸಿಕೊಂಡು, "ನನ್ನನ್ನೂ ಹಾಗೇ ಮಾಡ್ತಾರಾ?" ಅಂತ ಕೇಳಿದಳು.

ಡಾಕ್ಟರ್ ಚೀಟಿಯ ಜೆರಾಕ್ಸ್ ಇದರ ಜೊತೆ ಲಗತ್ತಿಸಿದ್ದೇನೆ. ಕಾಗದ ತಂದಿರುವವರು ನನ್ನ ಯಜಮಾನರು. ಅವರಿಗೆ ಚಿಕ್ಕಂದಿನಲ್ಲೇ ಇದು ಆಗಿಹೋಗಿದೆ. ಆದರೂ ಒಳಗೆ ಬರುವುದಿಲ್ಲ, ಗೇಟಿನ ಹತ್ತಿರವೇ ಕೊಟ್ಟು ಹೋಗುತ್ತಾರೆ. ದಯವಿಟ್ಟು ರಜೆ ಮಂಜೂರು ಮಾಡಿ.

ಇಂತಿ ನಿಮ್ಮ ವಿಶ್ವಾಸಿ,
ಸವಿತಾ

ಲಗತ್ತು: ಡಾಕ್ಟರ್ ಚೀಟಿಯ ಪ್ರತಿ 1
ಜೊತೆಗೆ: ಕೋಲು 2, ಹಸಿರು ಲಂಗದ ಸೆಟ್ 1