ವಿಷಯ: ಪ್ರಾಯೋಗಿಕ ಮುಖಪುಟ ವಿನ್ಯಾಸದ ಅಭಿಪ್ರಾಯ ಮತ್ತು ಸಂಭಾವನೆ ಕುರಿತು

ಧಾರವಾಡ
24 ನವೆಂಬರ್ 2025

ಮಾನ್ಯ ಸಂಪಾದಕರಿಗೆ ನಮಸ್ಕಾರಗಳು.

ತಮ್ಮ ಕಥಾಸಂಕಲನಕ್ಕೆ ಪ್ರಾಯೋಗಿಕವಾಗಿ ಒಂದು ಮುಖಪುಟ ಮಾಡಿಕೊಡುವಂತೆ ಅಕ್ಟೋಬರ್ 27ರಂದು ತಿಳಿಸಿದ್ದಿರಿ. ಅದರಂತೆ ನವೆಂಬರ್ 3ರಂದು ವಿನ್ಯಾಸವನ್ನು ಕಳುಹಿಸಿದ್ದೆ. ವಿನ್ಯಾಸವನ್ನು ಆಯ್ಕೆ ಮಾಡಲಿ, ಬಿಡಲಿ, 4,000 ರೂಪಾಯಿ ಸಂಭಾವನೆಯನ್ನು 15 ದಿನಗಳೊಳಗೆ ಕೊಡುವುದಾಗಿ ತಮ್ಮ ಮೇಲ್‌ನಲ್ಲಿತ್ತು. ಆ ಅವಧಿ ನವೆಂಬರ್ 18ಕ್ಕೆ ಮುಗಿದಿದೆ. ರಾಜ್ಯೋತ್ಸವದ ತಿಂಗಳಲ್ಲಿ ಪ್ರಕಾಶಕರಿಗೆ ಬಿಡುವಿರುವುದಿಲ್ಲ ಎಂಬುದನ್ನು ಬಲ್ಲೆನಾದ್ದರಿಂದ ಇನ್ನೂ ಆರು ದಿನ ಕಾದು ಈ ಪತ್ರ ಬರೆಯುತ್ತಿದ್ದೇನೆ.

ಮೊದಲು ವಿನ್ಯಾಸದ ಮಾತು. ಶೀರ್ಷಿಕೆಯಲ್ಲಿ ಬರುವ ‘ಸ್ತ್ರ’ ಅಕ್ಷರದ ಎರಡು ಒತ್ತುಗಳು ಕೆಳಗಿನ ಸಾಲಿನ ಲೇಖಕರ ಹೆಸರಿಗೆ ತಾಗುತ್ತಿದ್ದವು. ಸಾಲುಗಳ ನಡುವಿನ ಅಂತರ ಹೆಚ್ಚಿಸಿದರೆ ಚಿತ್ರಕ್ಕೆ ಜಾಗ ಉಳಿಯುತ್ತಿರಲಿಲ್ಲ. ಹೀಗಾಗಿ ಸಿದ್ಧ ಫಾಂಟ್ ಬಿಟ್ಟು ಶೀರ್ಷಿಕೆಯನ್ನು ಕೈಯಿಂದಲೇ ಬರೆದೆ. ಅಂಗಡಿಯ ಕಪಾಟಿನಲ್ಲಿ ನಾಲ್ಕು ಅಡಿ ದೂರದಿಂದಲೂ, ಮೊಬೈಲ್ ಪರದೆಯ ಪುಟ್ಟ ಚಿತ್ರದಲ್ಲೂ ಅದು ಸರಾಗವಾಗಿ ಓದಲು ಬರುತ್ತದೆಯೇ ಎಂಬುದು ನನ್ನ ಮುಖ್ಯ ಪ್ರಶ್ನೆ. ಇಟ್ಟಿಗೆ ಕೆಂಪು ಬಣ್ಣ ಮುದ್ರಣದಲ್ಲಿ ತುಸು ಮಂಕಾಗಬಹುದೆಂಬ ಅನುಮಾನ ನನಗೂ ಇದೆ. ‘ಇಷ್ಟವಾಗಲಿಲ್ಲ’ ಎಂದರೂ ಬೇಸರವಿಲ್ಲ, ಯಾವ ಕಾರಣಕ್ಕೆ ಎಂದು ಎರಡು ಸಾಲು ಬರೆದರೆ ಉಪಕಾರವಾಗುತ್ತದೆ.

ಇನ್ನೊಂದು ವಿಷಯವನ್ನು ಸ್ಪಷ್ಟಪಡಿಸಿಕೊಳ್ಳಬೇಕಿದೆ. ನವೆಂಬರ್ 6ರಂದು ತಾವು ದೂರವಾಣಿಯಲ್ಲಿ ಕೇಳಿದಂತೆ ಹಿಂಪುಟ ಮತ್ತು ಬೆನ್ನಿನ ವಿನ್ಯಾಸವನ್ನೂ ಮಾಡಿ ನವೆಂಬರ್ 10ರಂದು ಕಳುಹಿಸಿದೆ. ನುಡಿಯಲ್ಲಿದ್ದ ಬೆನ್ನುಡಿ ಯೂನಿಕೋಡ್‌ಗೆ ಬರುವಾಗ ಅಕ್ಷರಗಳು ಒಡೆದದ್ದರಿಂದ ಅದನ್ನು ಪೂರ್ತಿ ಮರಳಿ ಟೈಪ್ ಮಾಡಬೇಕಾಯಿತು. ಈ ಕೆಲಸ ಮೊದಲಿನ ಒಪ್ಪಂದದಲ್ಲಿರಲಿಲ್ಲ. ಅದನ್ನು ಬಳಸುವುದಿಲ್ಲವಾದರೆ ನಾನು ಹಣ ಕೇಳುವುದಿಲ್ಲ, ಬಳಸುವುದಾದರೆ ಪ್ರತ್ಯೇಕವಾಗಿ 2,000 ರೂಪಾಯಿ ಕೊಡಬೇಕೆಂದು ಕೋರುತ್ತೇನೆ. ಕೇಳಿದ ದಿನವೇ ಇದನ್ನು ಹೇಳದಿದ್ದುದು ನನ್ನ ತಪ್ಪು.

4,000 ರೂಪಾಯಿಯ ಬಿಲ್ಲನ್ನು ಪ್ಯಾನ್ ಸಂಖ್ಯೆ ಹಾಗೂ ಬ್ಯಾಂಕ್ ವಿವರಗಳೊಂದಿಗೆ ಮತ್ತೆ ಲಗತ್ತಿಸಿದ್ದೇನೆ. ನಾನು ಜಿಎಸ್‌ಟಿ ನೋಂದಣಿ ಮಾಡಿಸಿಲ್ಲವಾದ್ದರಿಂದ ಬಿಲ್ಲಿನಲ್ಲಿ ಆ ತೆರಿಗೆ ಸೇರಿಲ್ಲ. ಡಿಸೆಂಬರ್ 1ರೊಳಗೆ ಹಣ ಜಮಾ ಮಾಡಿಸಬೇಕೆಂದು ವಿನಂತಿ. ಲೆಕ್ಕಪತ್ರ ವಿಭಾಗದಲ್ಲಿ ಏನಾದರೂ ತೊಡಕಿದ್ದರೆ ಯಾರೊಡನೆ ಮಾತನಾಡಬೇಕೆಂದು ತಿಳಿಸಿದರೂ ಸಾಕು, ನಾನೇ ವಿಚಾರಿಸಿಕೊಳ್ಳುತ್ತೇನೆ.

ವಿನ್ಯಾಸ ಆಯ್ಕೆಯಾದರೆ ಅದರ ಬಳಕೆಯ ಹಕ್ಕನ್ನು ಬರಹದಲ್ಲಿ ಕೊಡಬೇಕಾಗುತ್ತದೆ. ಕೃತಿಸ್ವಾಮ್ಯ ಕಾಯ್ದೆ 1957ರ 19ನೇ ಕಲಮಿನ ಪ್ರಕಾರ ಹಕ್ಕಿನ ವರ್ಗಾವಣೆ ಲಿಖಿತವಾಗಿರಬೇಕಷ್ಟೆ. ಹಣ ಸಂದಾಯವಾದ ದಿನವೇ ಸಹಿ ಮಾಡಿದ ಪತ್ರವನ್ನೂ ಮುದ್ರಣಕ್ಕೆ ಬೇಕಾದ ಮೂಲ ಕಡತಗಳನ್ನೂ ಕಳುಹಿಸುತ್ತೇನೆ. ಅಲ್ಲಿಯವರೆಗೆ, ಈಗ ತಮ್ಮಲ್ಲಿರುವ ಕಡಿಮೆ ಗಾತ್ರದ ಚಿತ್ರವನ್ನು ಬಿಡುಗಡೆಯ ಆಮಂತ್ರಣದಲ್ಲಾಗಲಿ ಜಾಲತಾಣಗಳಲ್ಲಾಗಲಿ ಬಳಸಬಾರದಾಗಿ ಕೋರುತ್ತೇನೆ.

ಬೆನ್ನಿನ ಅಗಲವನ್ನು 160 ಪುಟಗಳ ಲೆಕ್ಕದಲ್ಲಿ 8 ಮಿ.ಮೀ. ಇಟ್ಟಿದ್ದೇನೆ. ಪುಟಗಳು ಹೆಚ್ಚು ಕಡಿಮೆಯಾಗಿದ್ದರೆ ತಮ್ಮ ಉತ್ತರದಲ್ಲೇ ಅದನ್ನೂ ತಿಳಿಸಿರಿ.

ಇಂತಿ ತಮ್ಮ ವಿಶ್ವಾಸಿ,
ಮುಖಪುಟ ವಿನ್ಯಾಸಕಿ

ಲಗತ್ತು: ಬಿಲ್ಲು, ತಮ್ಮ ಅಕ್ಟೋಬರ್ 27ರ ಮೇಲ್‌ನ ಪ್ರತಿ