ನಗೆಹನಿ ಸ್ಪರ್ಧೆ: ತೀರ್ಪುಗಾರರು ಅಂಕ ಕೊಡುವ ಬಗೆ

ನಮ್ಮ ಬಡಾವಣೆಯ ಗಣೇಶೋತ್ಸವದ ಮೂರನೇ ಸಂಜೆ. ಸ್ಪರ್ಧಿಗಳು 14 ಜನ. ಒಬ್ಬರಿಗೆ ಒಂದೇ ಜೋಕು, ಎರಡು ನಿಮಿಷ. ತೀರ್ಪುಗಾರರು ಮೂವರು. ಪ್ರತಿಯೊಬ್ಬರ ಕೈಯಲ್ಲಿ 40 ಅಂಕ: ಹೊಸತನಕ್ಕೆ 10, ಅಚ್ಚರಿಗೆ 12, ಸ್ಪಷ್ಟತೆಗೆ 8, ಕೇಳುಗರಿಗೆ ಒಪ್ಪುವುದಕ್ಕೆ 10.

ಹೋದ ವರ್ಷ ಚಪ್ಪಾಳೆ ಜಾಸ್ತಿ ಬಿದ್ದವರಿಗೆ ಬಹುಮಾನ ಹೋಯಿತು. ಮನೆಮಂದಿಯನ್ನೆಲ್ಲ ಕರೆತಂದವರು ಗೆದ್ದರು. ತಾನೇ ಜೋಕು ಕಟ್ಟಿಕೊಂಡು ಬಂದಿದ್ದ ಆರನೇ ಕ್ಲಾಸಿನ ಹುಡುಗಿ ಬರಿಗೈಲಿ ಮನೆಗೆ ಹೋದಳು. ಅದು ಮತ್ತೆ ಆಗಬಾರದು ಅಂತಲೇ ಇದನ್ನು ಬರೆದಿದ್ದೇವೆ.

ಎಲ್ಲರಿಗೂ ಒಂದೇ ಅಳತೆ ಇರಲಿ ಎಂದು ಒಂದು ಜೋಕನ್ನೇ ಉದಾಹರಣೆಗೆ ಇಟ್ಟುಕೊಂಡಿದ್ದೇವೆ:

ಡಾಕ್ಟರು ಅಜ್ಜಿಗೆ ಹೇಳಿದರು, "ಉಪ್ಪು ಬಿಡಿ." "ಬಿಟ್ಟೆ." "ಸಕ್ಕರೆ ಬಿಡಿ." "ಅದನ್ನೂ ಬಿಟ್ಟೆ." "ಇನ್ನು ಎಣ್ಣೆ ಬಿಡಿ." "ಎಷ್ಟು ಚಮಚ, ಡಾಕ್ಟ್ರೇ?"

ಹೊಸತನ (10)

ಡಾಕ್ಟರು, ಮೇಷ್ಟ್ರು, ಗಂಡ-ಹೆಂಡತಿ ಬಂದ ಕೂಡಲೇ ಹಳೇ ಜೋಕು ಎಂದು ಅಂಕ ಕಡಿಯಬೇಡಿ. ಪಾತ್ರ ಹಳತಾದರೂ ತಿರುವು ಹೊಸದಿರಬಹುದು. ಮೇಲಿನ ಜೋಕಿನಲ್ಲಿ ಡಾಕ್ಟರು ಹಳಬರೇ. ಆದರೆ "ಬಿಡು" ಎಂದರೆ ತ್ಯಜಿಸುವುದೂ ಹೌದು, ಸುರಿಯುವುದೂ ಹೌದು. ಆ ಎರಡು ಅರ್ಥಗಳನ್ನು ಅಡುಗೆಮನೆಯ ಅಜ್ಜಿಯ ಬಾಯಲ್ಲಿ ಸೇರಿಸಿದ್ದೇ ಅದರ ಸ್ವಂತ ಕೆಲಸ. ಇಂಥದ್ದಕ್ಕೆ 7 ಅಥವಾ 8 ಕೊಡಿ. ಸ್ಪರ್ಧಿ ತಮ್ಮ ಮನೆ, ಬೀದಿ, ಕೆಲಸದಿಂದಲೇ ಹೆಕ್ಕಿ ತಂದದ್ದಾದರೆ 9, 10.

ವಾಟ್ಸಾಪ್‌ನಲ್ಲಿ ಬಂದದ್ದನ್ನು ಹಾಗೇ ಒಪ್ಪಿಸಿದರೆ 3 ದಾಟಬಾರದು. ತೆನಾಲಿ ರಾಮಕೃಷ್ಣನ ಕಥೆ, ಬೀಚಿಯವರ ತಿಂಮನ ಜೋಕು ಬಂದೇ ಬರುತ್ತವೆ. ಮೂಲ ಹೇಳಿ, ತಮ್ಮ ಕಡೆಯಿಂದ ಏನಾದರೂ ಸೇರಿಸಿದ್ದರೆ 5ರವರೆಗೆ ಕೊಡಬಹುದು. ತಮ್ಮದೇ ಎಂದು ಹೇಳಿಕೊಂಡರೆ ಇಲ್ಲಿ ಸೊನ್ನೆ.

ಅಚ್ಚರಿ (12)

ಜಾಸ್ತಿ ಅಂಕ ಇದಕ್ಕೇ. ಕೇಳುಗ ಒಂದು ದಾರಿಯಲ್ಲಿ ಹೋಗುತ್ತಿರಬೇಕು, ಕೊನೆಯ ಮಾತು ಅವನನ್ನು ಬೇರೆ ಕಡೆ ತಿರುಗಿಸಬೇಕು. ತಿರುಗಿದ ಮೇಲೆ "ಹೌದಲ್ವಾ!" ಅನ್ನಿಸಬೇಕು. ಸಂಬಂಧವೇ ಇಲ್ಲದ ಮಾತು ತಂದು ಹಾಕಿದರೆ ಬರೀ ಗೊಂದಲ. ಅದಕ್ಕೆ 4ಕ್ಕಿಂತ ಜಾಸ್ತಿ ಬೇಡ.

ಅಜ್ಜಿ ಎರಡು ಸಲ "ಬಿಟ್ಟೆ" ಅನ್ನುತ್ತಾಳೆ. ಮೂರನೆಯದೂ ಅದೇ ಎಂದು ನಾವು ಕಾಯುತ್ತೇವೆ. "ಎಷ್ಟು ಚಮಚ" ಬಂದ ಕ್ಷಣ ಅಂಗಡಿಯ ಬೀಗ ತೆಗೆದಂತೆ ಅರ್ಥ ತೆರೆದುಕೊಳ್ಳುತ್ತದೆ. 10 ಕೊಡಬಹುದು. ಇದನ್ನೇ ಒಬ್ಬರು "ಒಬ್ಬ ಅಜ್ಜಿಗೆ ಎಣ್ಣೆ ಬಿಡಿ ಅಂದ್ರೆ ಸುರೀರಿ ಅಂತ ಅರ್ಥ ಆಯ್ತಂತೆ" ಎಂದು ಶುರು ಮಾಡಿದರೆ ಉಳಿಯುವುದು 2.

ಒಂದು ಎಚ್ಚರಿಕೆ. ಆ ಜೋಕು ನಿಮಗೆ ಮೊದಲೇ ಗೊತ್ತಿರಬಹುದು. ಅದರ ಲೆಕ್ಕ ಹೊಸತನದ ಕೆಳಗೆ ಮುಗಿಯಿತು. ಅಚ್ಚರಿಯನ್ನು ಸಭೆಯ ಮುಖ ನೋಡಿ ಅಳೆಯಿರಿ. ಕೊನೆಯ ಮಾತಿಗೆ ಮೊದಲೇ ಯಾರಾದರೂ ಉತ್ತರ ಕೂಗಿದರೆ 3 ಅಂಕ ಕಡಿಮೆ ಮಾಡಿ. ಮಾತು ಮುಗಿದು ಅರೆಕ್ಷಣ ಸುಮ್ಮನಿದ್ದು ಆಮೇಲೆ ನಗು ಎದ್ದರೆ, ಆ ಮೌನವನ್ನು ಸೋಲು ಎಂದುಕೊಳ್ಳಬೇಡಿ.

ಸ್ಪಷ್ಟತೆ (8)

ಹಿಂದಿನ ಸಾಲಿನವರಿಗೆ ಕೇಳಿಸಿತೇ? ಯಾರು ಯಾರಿಗೆ ಹೇಳಿದರು ಎಂದು ತಿಳಿಯಿತೇ? ಬೇಡದ ವಿವರ ಇತ್ತೇ? ಜೋಕು ಹೇಳಿ ಮತ್ತೆ ಬಿಡಿಸಿ ಹೇಳಿದರೆ 2 ಕಳೆಯಿರಿ. ಉಗ್ಗಿದರೆ, ವೇದಿಕೆಯ ಭಯಕ್ಕೆ ತಡವರಿಸಿದರೆ ಒಂದಂಕವನ್ನೂ ಕಳೆಯಬೇಡಿ.

ಕೇಳುಗರಿಗೆ ಒಪ್ಪುವುದು (10)

ಮುಂದಿನ ಎರಡು ಸಾಲು ಮಕ್ಕಳು, ಹಿಂದೆ ಅಜ್ಜ-ಅಜ್ಜಿಯರು. ಅರ್ಧ ಸಭೆಗೆ ಮಾತ್ರ ಗೊತ್ತಾಗುವ ಜೋಕಿಗೆ 5. ಅಜ್ಜಿಯ ಬದಲು ಕುಡುಕನನ್ನು ತಂದರೆ "ಎಣ್ಣೆ" ಹೆಂಡವಾಗುತ್ತದೆ. ಕಾಲೇಜು ಹುಡುಗರ ನಡುವೆ ಅದಕ್ಕೆ ಒಳ್ಳೇ ಅಂಕ ಬರಬಹುದು. ಈ ಸಂಜೆ 4.

ಹುಬ್ಬಳ್ಳಿ ಮಾತಲ್ಲಿ, ಮಂಗಳೂರು ಮಾತಲ್ಲಿ ಜೋಕು ಹೇಳುವುದು ನಮಗೆ ಖುಷಿ. ಆದರೆ ಆ ಮಾತನ್ನೇ ಅಣಕಿಸಿ ನಗಿಸಿದರೆ 2. ಜಾತಿ, ಮೈಬಣ್ಣ, ಅಂಗವೈಕಲ್ಯವನ್ನು ಹಿಡಿದು ನಗಿಸಿದರೆ ಸೊನ್ನೆ, ಸಭೆ ಎಷ್ಟೇ ನಕ್ಕರೂ ಸೊನ್ನೆ.

ಕೊನೆಯ ಕೆಲಸ

ಮುಂದಿನ ಸ್ಪರ್ಧಿ ಮೈಕ್ ಹಿಡಿಯುವ ಮೊದಲೇ ಅಂಕ ಬರೆಯಿರಿ. ಪಕ್ಕದವರ ಹಾಳೆ ನೋಡಬೇಡಿ. ಮೊದಲ ಸ್ಪರ್ಧಿಗೆ ಎಲ್ಲರೂ ಕೈ ಬಿಗಿ ಹಿಡಿಯುತ್ತಾರೆ. ಹಾಗಾಗಿ ಮೂರನೆಯವರು ಮುಗಿಸಿದ ಮೇಲೆ ಮೊದಲ ಇಬ್ಬರ ಅಂಕವನ್ನು ಒಮ್ಮೆ ತಿರುಗಿ ನೋಡಿ, ಬೇಕಿದ್ದರೆ ಸರಿಪಡಿಸಿ. ಆಮೇಲೆ ತಿದ್ದುವಂತಿಲ್ಲ. ಒಟ್ಟು ಅಂಕ ಸಮನಾದರೆ ಅಚ್ಚರಿಯಲ್ಲಿ ಮುಂದಿರುವವರು ಗೆದ್ದಂತೆ, ಅದೂ ಸಮನಾದರೆ ಹೊಸತನ ನೋಡಿ.

ಪ್ರತಿ ಮಗುವಿನ ಹಾಳೆಯ ಕೆಳಗೆ ಒಂದು ಸಾಲು ಬರೆಯಿರಿ, ಜೋಕಿನ ಯಾವ ಮಾತು ನಿಮಗೆ ಹಿಡಿಸಿತು ಎಂದು. ಬಹುಮಾನ ಕೊಟ್ಟ ಮೇಲೆ ಆ ಹಾಳೆಗಳನ್ನು ಮಕ್ಕಳಿಗೇ ಕೊಡುತ್ತೇವೆ.